ನಾಲ್ಕು ಬೆಳ್ಳಿಯಪ್ಪ, ಒಂದು ಒಕ್ಕ

ಪ್ರಶ್ನೆ: ಸರ್, ನಾವು ಕೊಡವರು. ನಮ್ಮ ಮನೆತನದ ಮೂಲಮನೆ, ಐನ್‌ಮನೆ, ಕೊಡಗಿನ ವಿರಾಜಪೇಟೆಯ ಕಡೆ. ನಾನು ಬೆಂಗಳೂರಿನಲ್ಲಿದ್ದೇನೆ. ಪಹಣಿ ಕೆಲಸಕ್ಕೆ ವಂಶವೃಕ್ಷ ಬರೆಯಲು ಕೂತಾಗ ನಾಲ್ಕು ಜನ ಬೆಳ್ಳಿಯಪ್ಪ ಸಿಕ್ಕಿದರು. ಮುತ್ತಜ್ಜ ಒಬ್ಬರು, ಅವರ ಮೊಮ್ಮಕ್ಕಳು ಮೂವರು. ನಮ್ಮ ತಂದೆಯೂ ಅವರಲ್ಲಿ ಒಬ್ಬರು, ಈಗಿಲ್ಲ. ನಾಲ್ವರಲ್ಲಿ ಮೂವರು ಕಾಗದದಲ್ಲಿ 'ಎಂ. ಬೆಳ್ಳಿಯಪ್ಪ'. ಯಾವ ಕಾಗದ ಯಾರದು ಅಂತ ತಿಳಿಯುತ್ತಿಲ್ಲ. ಹಿರಿಮಗನಿಗೆ ಅಜ್ಜನ ಹೆಸರೇ ಯಾಕೆ ಇಡುತ್ತಾರೆ? ಹಿಂದಿನವರು ಇವರನ್ನೆಲ್ಲ ಬೇರೆ ಬೇರೆಯಾಗಿ ಹೇಗೆ ಗುರುತಿಸುತ್ತಿದ್ದರು? ಈಗ ಅಣ್ಣ ಮಾಚಯ್ಯನಿಗೆ ಗಂಡುಮಗು ಆಗಿದೆ. ಅದಕ್ಕೂ ಬೆಳ್ಳಿಯಪ್ಪ ಅಂತಲೇ ಇಡಬೇಕು ಅಂತ ಅವ್ವ ಹಟ ಹಿಡಿದಿದ್ದಾರೆ.

ಉತ್ತರ: ನಿಮ್ಮ ಪ್ರಶ್ನೆಯ ಕೊನೆಯ ಸಾಲು ಓದಿದ ಕೂಡಲೇ ಎಲ್ಲಾ ಚಿತ್ರ ಕಣ್ಣಿಗೆ ಬಂತು. ನಿಮ್ಮ ಅಣ್ಣನ ಹೆಸರು ಮಾಚಯ್ಯ. ಅಂದರೆ ನಿಮ್ಮ ತಂದೆಯ ತಂದೆ ಮಾಚಯ್ಯ ಆಗಿರಬೇಕು, ಅಲ್ವಾ? ನಿಮ್ಮ ಮನೆಯವರು ಪದ್ಧತಿಯನ್ನು ಒಂದು ತಲೆಮಾರೂ ತಪ್ಪಿಸಿಲ್ಲ. ಹಾಗಾಗಿಯೇ ಗೊಂದಲ ಇಷ್ಟೊಂದು ಜಾಸ್ತಿ. ಪದ್ಧತಿ ಅಲ್ಲಲ್ಲಿ ತಪ್ಪಿದ ಮನೆಗಳಲ್ಲಿ ವಂಶವೃಕ್ಷ ಬರೆಯುವುದು ಸುಲಭ.

ನಾಲ್ಕು ಬೆಳ್ಳಿಯಪ್ಪ ಹೇಗೆ ಬಂದರು ಎಂದು ಮೊದಲು ನೋಡೋಣ. ನಿಮ್ಮ ಮುತ್ತಜ್ಜ ಬೆಳ್ಳಿಯಪ್ಪನಿಗೆ ಮೂರು ಜನ ಗಂಡುಮಕ್ಕಳು. ಹಿರಿಯವರಿಗೆ ಮಾದಪ್ಪ, ನಡುವಿನವರಿಗೆ ಸೋಮಯ್ಯ, ಕಿರಿಯವರಿಗೆ ಮಾಚಯ್ಯ ಎಂದು ಹೆಸರಿತ್ತು ಎಂದಿಟ್ಟುಕೊಳ್ಳಿ. ಮಾಚಯ್ಯ ನೀವೇ ಸೂಚಿಸಿದ ಹೆಸರು. ಉಳಿದೆರಡು ನನ್ನ ಊಹೆ, ಆದರೆ ಮೂವರು 'ಎಂ.' ಬರಬೇಕಾದರೆ ಲೆಕ್ಕ ಹೆಚ್ಚು ಕಡಿಮೆ ಹೀಗೇ ಇರಬೇಕು. ಹಿರಿಮಗನಿಗೆ ಅಜ್ಜನ ಹೆಸರು ಎನ್ನುವ ಮಾತು ಮೂವರಿಗೂ ಅನ್ವಯಿಸುತ್ತದೆ. ಮಾದಪ್ಪನ ಹಿರಿಮಗ ಬೆಳ್ಳಿಯಪ್ಪ. ಸೋಮಯ್ಯನ ಹಿರಿಮಗನೂ ಬೆಳ್ಳಿಯಪ್ಪ. ಮಾಚಯ್ಯನ ಹಿರಿಮಗನೂ ಬೆಳ್ಳಿಯಪ್ಪ, ಅವರೇ ನಿಮ್ಮ ತಂದೆ. ಒಬ್ಬ ಅಣ್ಣ ಮೊದಲು ಆ ಹೆಸರು ಇಟ್ಟುಬಿಟ್ಟ, ಇನ್ನು ನನಗೆ ಬೇಡ ಎಂದು ತಮ್ಮಂದಿರು ಬಿಟ್ಟುಕೊಡುತ್ತಿರಲಿಲ್ಲ. ಅಪ್ಪನ ಹೆಸರು ತನ್ನ ಮನೆಯಲ್ಲೂ ಇರಬೇಕು ಎಂದು ಪ್ರತಿಯೊಬ್ಬನಿಗೂ ಆಸೆ. ಅಜ್ಜನಿಗೆ ಎಷ್ಟು ಗಂಡುಮಕ್ಕಳೋ ಅಷ್ಟು ಮೊಮ್ಮಕ್ಕಳಿಗೆ ಅವನ ಹೆಸರು. ಇದರಲ್ಲಿ ಯಾರ ತಪ್ಪೂ ಇಲ್ಲ.

ಈಗ ಯಾಕೆ ಎನ್ನುವ ಮಾತು. 'ಹಿರಿಯರಿಗೆ ಗೌರವ' ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವವರು ಬಹಳ ಜನ. ಅದು ಸುಳ್ಳಲ್ಲ. ಆದರೆ ಗೌರವವೊಂದೇ ಕಾರಣವಾಗಿದ್ದರೆ ತಾಯಿಯ ತಂದೆಯ ಹೆಸರನ್ನೂ ಹಿರಿಮಗನಿಗೆ ಇಡಬಹುದಿತ್ತು. ಸಾಮಾನ್ಯವಾಗಿ ಹಾಗೆ ಮಾಡುವುದಿಲ್ಲ. ಆ ಅಜ್ಜನ ಸರದಿ ಎರಡನೆಯ ಮಗನಿಗೆ ಬರುತ್ತದೆ, ಬಂದರೆ. ಮೊದಲ ಹೆಸರು ಒಕ್ಕದ್ದು, ಅಂದರೆ ತಂದೆಯ ಕಡೆಯ ಮನೆತನದ್ದು.

ಕೊಡವರಲ್ಲಿ ಒಬ್ಬ ಮನುಷ್ಯನ ಹೆಸರು ಮೂರು ತುಂಡಾಗಿರುತ್ತದೆ. ಮೊದಲು ಒಕ್ಕದ ಹೆಸರು, ಅಂದರೆ ಮನೆಪೆದ. ಆಮೇಲೆ ತಂದೆಯ ಹೆಸರು. ಕೊನೆಯಲ್ಲಿ ಅವನದೇ ಹೆಸರು. ಫೀಲ್ಡ್ ಮಾರ್ಷಲ್ ಕಾರಿಯಪ್ಪನವರನ್ನೇ ನೋಡಿ. ಕೊಡಂದೇರ ಮಾದಪ್ಪ ಕಾರಿಯಪ್ಪ. ಕೊಡಂದೇರ ಒಕ್ಕ, ಮಾದಪ್ಪ ತಂದೆ. ಒಕ್ಕದ ಹೆಸರಿನ ಕೊನೆಗೆ ಬರುವ 'ಅಂಡ', 'ಏರ', 'ಇರ' ಎಂಬ ತುದಿಗಳಿಗೆ 'ಇಂಥವರ' ಎಂದು ಅರ್ಥ. ಬಿದ್ದಂಡ, ಕಲಿಯಂಡ ಎಂಬ ಒಕ್ಕದ ಹೆಸರುಗಳಲ್ಲಿ ಒಬ್ಬ ಹಳೆಯ ಮನುಷ್ಯನ ಹೆಸರಿನ ಸದ್ದು ಕೇಳಿಸುತ್ತದೆ. ಒಕ್ಕ ಶುರುವಾದದ್ದು ಅವನಿಂದ, ಆ ಮೂಲಪುರುಷನನ್ನೇ 'ಕಾರಣ' ಎನ್ನುತ್ತಾರೆ. ಅವನ ಹೆಸರು ಒಕ್ಕದ ತಲೆಯಲ್ಲಿ ನಿಂತಿತು. ಅವನ ನಂತರದವರ ಹೆಸರುಗಳು ಮಕ್ಕಳ ಮೇಲೆ ಒಂದು ತಲೆಮಾರು ಬಿಟ್ಟು ಒಂದು ತಲೆಮಾರಿಗೆ ಮರಳಿ ಬರುತ್ತಾ ಹೋದವು. ಕಾರಣನಿಗೆ ಎಡೆಯಿಡುವ ಮನೆಯಲ್ಲಿ, ಹಿರಿಯರ ಗುಡಿಯಾದ ಕೈಮಡ ಇರುವ ಮನೆಯಲ್ಲಿ, ಸತ್ತವರು ಪೂರ್ತಿ ಹೋದವರಲ್ಲ. ಅವರ ಹೆಸರನ್ನು ದಿನವೂ ಯಾರೋ ಹೊತ್ತು ಓಡಾಡುತ್ತಿರಬೇಕು.

ಹಳೆಯ ಪದ್ಧತಿಯಲ್ಲಿ ಗಂಡು ಹುಟ್ಟಿದಾಗ ಒಂದು ಗುಂಡು ಹಾರಿಸುತ್ತಿದ್ದರು. ಹರಳು ಗಿಡದ ಕಡ್ಡಿಯಲ್ಲಿ ಪುಟ್ಟ ಬಿಲ್ಲು ಬಾಣ ಮಾಡಿ ಮಗುವಿನ ಕೈಗೆ ಮುಟ್ಟಿಸುತ್ತಿದ್ದರು. ಹನ್ನೆರಡನೆಯ ದಿನ ತೊಟ್ಟಿಲಿಗೆ ಹಾಕಿ ಹೆಸರು ಕರೆಯುತ್ತಿದ್ದರು. ಇಷ್ಟರಲ್ಲಿ ಮಗು ಒಕ್ಕದ್ದಾಯಿತು. ಹೆಸರು ಅಜ್ಜನದಾದರೆ ಆ ಕೆಲಸ ಇನ್ನೂ ಗಟ್ಟಿ. ಬೆಳ್ಳಿಯಪ್ಪ ಎಂದು ಕರೆದ ಕೂಡಲೇ ಈ ಮಗು ಯಾವ ಕವಲಿನದು ಎಂದು ಊರಿಗೆ ತಿಳಿಯುತ್ತಿತ್ತು.

ಇದು ಒಕ್ಕದ ಲೆಕ್ಕವೇ ಎನ್ನುವುದಕ್ಕೆ ನನಗೆ ಸಿಗುವ ಅತ್ಯಂತ ಒಳ್ಳೆಯ ಸಾಕ್ಷಿ ಮಕ್ಕಪರಿಜೆ. ಒಂದು ಒಕ್ಕದಲ್ಲಿ ಗಂಡು ಸಂತಾನ ನಿಂತುಹೋಗುವ ಹಾಗಾದರೆ ಮಗಳಿಗೆ ಮಕ್ಕಪರಿಜೆ ಮದುವೆ ಮಾಡುತ್ತಿದ್ದರು. ಆ ಮದುವೆಯಲ್ಲಿ ಹುಟ್ಟಿದ ಮಕ್ಕಳು ತಾಯಿಯ ಒಕ್ಕಕ್ಕೆ ಸೇರುತ್ತಾರೆ. ಅಂಥ ಮನೆಗಳಲ್ಲಿ ಹಿರಿಮಗನಿಗೆ ತಾಯಿಯ ತಂದೆಯ ಹೆಸರು ಬರುವುದೇ ಸಹಜ. ಒಕ್ಕ ಯಾವ ಕಡೆ ಹೋಯಿತೋ ಹೆಸರೂ ಆ ಕಡೆ ಹೋಯಿತು. ವಂಶವೃಕ್ಷ ಬರೆಯುವಾಗ ಹಿರಿಮಗನ ಹೆಸರು ತಂದೆಯ ತಂದೆಗೆ ಹೊಂದದೆ ತಾಯಿಯ ತಂದೆಗೆ ಹೊಂದಿದರೆ ನಾನು ಅಲ್ಲಿ ಒಂದು ಗುರುತು ಹಾಕಿಕೊಂಡು, ಮಕ್ಕಪರಿಜೆ ಆಗಿತ್ತಾ ಎಂದು ಹಿರಿಯರನ್ನು ಕೇಳುತ್ತೇನೆ.

ಇನ್ನು ನಿಮ್ಮ ಇನಿಷಿಯಲ್ ಗೊಂದಲ. ಇಲ್ಲಿ ಸ್ವಲ್ಪ ನಿಧಾನವಾಗಿ ಬನ್ನಿ.

ತಂದೆಯ ಹೆಸರನ್ನು ಜೊತೆಗೆ ಬರೆಯುವುದೇ ಒಂದೇ ಹೆಸರಿನವರನ್ನು ಬೇರೆ ಮಾಡಲು. ದಾಯಾದಿಗಳ ಮಟ್ಟಿಗೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಮಾದಪ್ಪನ ಮಗ, ಸೋಮಯ್ಯನ ಮಗ, ಮಾಚಯ್ಯನ ಮಗ ಎಂದು ಪೂರ್ತಿ ಬರೆದರೆ ಮೂವರು ಬೆಳ್ಳಿಯಪ್ಪಂದಿರೂ ಬೇರೆ ಬೇರೆ. ಒಂದೇ ಅಕ್ಷರಕ್ಕೆ ಇಳಿಸಿದಾಗ ಮಾದಪ್ಪ ಮತ್ತು ಮಾಚಯ್ಯ ಇಬ್ಬರೂ 'ಎಂ.' ಆಗಿ ಎರಡು ಮನೆ ಬೆರೆತುಹೋಯಿತು. ಇದು ಇನಿಷಿಯಲ್‌ನ ದೋಷ, ಪೂರ್ತಿ ಹೆಸರು ಬರೆದರೆ ಸರಿಹೋಗುತ್ತದೆ.

ಪೂರ್ತಿ ಹೆಸರು ಬರೆದರೂ ಬಿಡಿಸಲಾಗದ ಗಂಟು ಇನ್ನೊಂದಿದೆ. ನಿಮ್ಮ ಮುತ್ತಜ್ಜ ಬೆಳ್ಳಿಯಪ್ಪನ ತಂದೆ ಯಾರು? ಅವರ ಹಿರಿಮಗ ಮಾದಪ್ಪನಿಗೆ ಹೆಸರು ಬಂದದ್ದು ಅವನ ಅಜ್ಜನಿಂದ. ಅಂದರೆ ಮುತ್ತಜ್ಜನ ತಂದೆಯೂ ಮಾದಪ್ಪ. ಹಾಗಾಗಿ ಮುತ್ತಜ್ಜ 'ಬೆಳ್ಳಿಯಪ್ಪ ಬಿನ್ ಮಾದಪ್ಪ'. ಅವರ ಹಿರಿಯ ಮೊಮ್ಮಗ? ಅವನೂ 'ಬೆಳ್ಳಿಯಪ್ಪ ಬಿನ್ ಮಾದಪ್ಪ'. ಒಕ್ಕ ಒಂದೇ, ತಂದೆಯ ಹೆಸರು ಒಂದೇ, ಸ್ವಂತ ಹೆಸರು ಒಂದೇ. ಒಂದಕ್ಷರ ವ್ಯತ್ಯಾಸವಿಲ್ಲ. ಪದ್ಧತಿ ತಪ್ಪದೆ ನಡೆದ ಹಿರಿಯರ ಕವಲಿನಲ್ಲಿ ಅಜ್ಜ ಮೊಮ್ಮಗ ಕಾಗದದ ಮೇಲೆ ಒಬ್ಬರೇ ಆಗಿಬಿಡುತ್ತಾರೆ. ತಂದೆಯ ಹೆಸರು ಅಣ್ಣತಮ್ಮಂದಿರ ಮಕ್ಕಳನ್ನು ಬೇರೆ ಮಾಡುತ್ತದೆ, ಅಜ್ಜ ಮೊಮ್ಮಕ್ಕಳನ್ನು ಮಾಡುವುದಿಲ್ಲ. ಈ ಒಂದು ಮಾತು ನೆನಪಿಟ್ಟುಕೊಂಡರೆ ನಿಮ್ಮ ಅರ್ಧ ಕಷ್ಟ ಕಡಿಮೆಯಾಗುತ್ತದೆ.

ಹಾಗಾದರೆ ಹಿಂದಿನವರು ಏನು ಮಾಡುತ್ತಿದ್ದರು? ಎಲ್ಲರಿಗೂ ಮೊದಲು ಹೊಳೆಯುವುದು ದೊಡ್ಡ, ಚಿಕ್ಕ. ನಮ್ಮ ಜಿಲ್ಲೆಯನ್ನು ಆಳಿದ ಹಾಲೇರಿ ಅರಸರಲ್ಲೇ ನೋಡಿ. ಅವರು ಲಿಂಗಾಯತರು, ಕೊಡವರಲ್ಲ, ಆದರೂ ಹೆಸರು ಮರಳಿ ಬರುವ ರೀತಿ ಒಂದೇ. 1687ರಿಂದ 1736ರವರೆಗೆ ಆಳಿದವರು ದೊಡ್ಡ ವೀರಪ್ಪ. ಅವರ ನಂತರ ಪಟ್ಟಕ್ಕೆ ಬಂದದ್ದು ಅವರ ಮೊಮ್ಮಗ ಚಿಕ್ಕ ವೀರಪ್ಪ. ಅಜ್ಜನ ಹೆಸರು ಮೊಮ್ಮಗನಿಗೆ, ಬೇರೆ ಮಾಡಲು ಮುಂದೊಂದು ಮಾತು. ಆಮೇಲೆ 1809ರಲ್ಲಿ ತೀರಿಕೊಂಡ ದೊಡ್ಡ ವೀರರಾಜೇಂದ್ರ, 1834ರಲ್ಲಿ ಬ್ರಿಟಿಷರು ಪಟ್ಟದಿಂದ ಇಳಿಸಿದ ಚಿಕ್ಕ ವೀರರಾಜೇಂದ್ರ. ಇಲ್ಲಿ ಹೆಸರು ಬಂದದ್ದು ದೊಡ್ಡಪ್ಪನಿಂದ. ದೊಡ್ಡವರ ತಮ್ಮ ಲಿಂಗರಾಜನ ಮಗ ಚಿಕ್ಕವರು.

ಈ ದೊಡ್ಡ ಚಿಕ್ಕದಲ್ಲಿ ಒಂದು ಸಂಗತಿ ಗಮನಿಸಬೇಕು. ಎರಡನೆಯವನು ಹುಟ್ಟುವ ತನಕ ಮೊದಲನೆಯವನು 'ದೊಡ್ಡ' ಆಗುವುದಿಲ್ಲ. ಮೊಮ್ಮಗ ಬರುವ ಮುಂಚೆ ಅಜ್ಜ ಬರೀ ವೀರಪ್ಪ. ನಿಮ್ಮ ಮನೆಯಲ್ಲೂ ಹಾಗೆಯೇ. 'ದೊಡ್ಡ ಬೆಳ್ಳಿಯಪ್ಪಜ್ಜ' ಎಂದು ಅತ್ತೆ ಹೇಳಬಹುದು, ಆದರೆ ಅವರ ಕಾಲದ ಕಾಗದದಲ್ಲಿ ಆ 'ದೊಡ್ಡ' ಸಿಗುವುದಿಲ್ಲ. ಹಾಗೆಂದು ಅದು ಬೇರೆಯವರ ಕಾಗದ ಎಂದು ಬದಿಗಿಡಬೇಡಿ. ಇನ್ನೊಂದು ತೊಂದರೆಯೂ ಇದೆ. ಅಜ್ಜ ತೀರಿಕೊಂಡು ಮೂವತ್ತು ವರ್ಷವಾದ ಮೇಲೆ ಇನ್ನೊಬ್ಬ ಮೊಮ್ಮಗ ಹುಟ್ಟಿದರೆ, ಮೊದಲು 'ಚಿಕ್ಕ' ಆಗಿದ್ದವನೇ 'ದೊಡ್ಡ' ಆಗುತ್ತಾನೆ. ಒಬ್ಬನೇ ಮನುಷ್ಯನಿಗೆ ಒಂದು ಮನೆಯಲ್ಲಿ ದೊಡ್ಡ, ಇನ್ನೊಂದು ಮನೆಯಲ್ಲಿ ಚಿಕ್ಕ ಎಂದು ಹೇಳುವುದನ್ನು ನಾನು ಕೇಳಿದ್ದೇನೆ. ಆದ್ದರಿಂದ ದೊಡ್ಡ ಚಿಕ್ಕ ಎಂದು ಯಾರಾದರೂ ಹೇಳಿದರೆ 'ಯಾರಿಗಿಂತ?' ಎಂದು ಕೂಡಲೇ ಕೇಳಿ.

ಹೆಸರಿನ ಬಾಲ ಬದಲಿಸುವುದು ಇನ್ನೊಂದು ದಾರಿ. ನಮ್ಮ ಹೆಸರುಗಳಿಗೆ ಅಪ್ಪ, ಅಣ್ಣ, ಅಯ್ಯ ಎಂಬ ಬಾಲಗಳಿವೆ. ಪೊನ್ನಪ್ಪ, ಪೊನ್ನಣ್ಣ. ಮುತ್ತಪ್ಪ, ಮುತ್ತಣ್ಣ. ಬೋಪಯ್ಯ, ಬೋಪಣ್ಣ. ಅಜ್ಜ ಪೊನ್ನಪ್ಪನಾದರೆ ಮೊಮ್ಮಗನನ್ನು ಪೊನ್ನಣ್ಣ ಎಂದು ಕರೆಯಬಹುದು. ಅಜ್ಜನ ಹೆಸರು ಉಳಿಯಿತು, ಕಾಗದದಲ್ಲೂ ಬೇರೆಯಾಯಿತು. ನನಗೆ ಇದು ತುಂಬ ಇಷ್ಟವಾದ ಉಪಾಯ. ಆದರೆ ಗುಮಾಸ್ತರು ಬರೆಯುವಾಗ ಅಪ್ಪ ಅಣ್ಣ ಅದಲುಬದಲಾಗುವುದೂ ಉಂಟು, ಬರೀ ಬಾಲವನ್ನು ನಂಬಿ ತೀರ್ಮಾನಕ್ಕೆ ಬರಬೇಡಿ.

ಮನೆಯೊಳಗೆ ನಿಜವಾಗಿ ನಡೆಯುತ್ತಿದ್ದದ್ದು ಮುದ್ದಿನ ಹೆಸರು. ಇದು ಸುಮ್ನೆ ಪ್ರೀತಿಗೆ ಇಟ್ಟದ್ದಲ್ಲ, ಇಡಲೇಬೇಕಾಗಿತ್ತು. ಸೊಸೆ ಮಾವನ ಹೆಸರು ಹೇಳುವಂತಿಲ್ಲ. ಮಗನಿಗೆ ಮಾವನ ಹೆಸರೇ ಇಟ್ಟರೆ ತಾಯಿ ತನ್ನ ಮಗುವನ್ನು ಏನೆಂದು ಕರೆಯಬೇಕು? 'ಬೆಳ್ಳಿಯಪ್ಪಾ, ಊಟಕ್ಕೆ ಬಾರೋ' ಎಂದು ಕೂಗಿದರೆ ಜಗಲಿಯಲ್ಲಿ ಕೂತ ಮಾವನಿಗೆ ಕೂಗಿದ ಹಾಗೆ. ಕಳ್ಳತನ ಮಾಡಿದ್ದಕ್ಕೆ ಬೈಯಬೇಕಾದರೆ ಇನ್ನೂ ಕಷ್ಟ. ಅದಕ್ಕೆ ತೊಟ್ಟಿಲಿನ ಹೆಸರು ಬೇರೆ, ಬಾಯಿಯ ಹೆಸರು ಬೇರೆ. ಅಪ್ಪು, ಕುಟ್ಟ, ಮಣಿ, ಪೊನ್ನು. ಕಾರಿಯಪ್ಪನವರನ್ನು ಹತ್ತಿರದವರು ಕರೆಯುತ್ತಿದ್ದದ್ದು ಚಿಮ್ಮ ಎಂದು. ಅವರ ಮಗ, ವಾಯುಪಡೆಯಲ್ಲಿ ಏರ್ ಮಾರ್ಷಲ್ ಆದವರು, ಅವರೂ ಕಾರಿಯಪ್ಪನೇ. ಆದರೆ ನಾಡಿಗೆಲ್ಲ ನಂದಾ ಕಾರಿಯಪ್ಪ. ಆ 'ನಂದಾ' ಇಲ್ಲದಿದ್ದರೆ ತಂದೆ ಯಾರು ಮಗ ಯಾರು ಎಂದು ಪ್ರತಿಸಲವೂ ಬಿಡಿಸಿ ಹೇಳಬೇಕಾಗುತ್ತಿತ್ತು.

ಮುದ್ದಿನ ಹೆಸರಿನ ದೋಷ ಒಂದೇ, ಅದು ಕರೆಯುವ ಬಾಯಿಯ ಜೊತೆಗೆ ಹೋಗಿಬಿಡುತ್ತದೆ. ಪಹಣಿಯಲ್ಲಿ ಬರುವುದಿಲ್ಲ, ಕ್ರಯಪತ್ರದಲ್ಲಿ ಬರುವುದಿಲ್ಲ. ಹಳೆಯ ಕಾಗದಗಳಲ್ಲಿ ಅದು ಸಿಗುವುದು ಎರಡೇ ಕಡೆ. ಮನೆಯವರು ಬರೆದ ಪತ್ರಗಳಲ್ಲಿ ಮತ್ತು ಫೋಟೋದ ಹಿಂಬದಿಯಲ್ಲಿ. ನಿಮ್ಮ ಐನ್‌ಮನೆಯ ಗೋಡೆಯಲ್ಲಿ ಕಟ್ಟುಹಾಕಿದ ಫೋಟೋಗಳಿದ್ದರೆ ಜೋಪಾನವಾಗಿ ಇಳಿಸಿ ಹಿಂಬದಿ ನೋಡಿ.

ಊರಿನವರು ಇನ್ನೊಂದು ರೀತಿ ಗುರುತಿಸುತ್ತಿದ್ದರು, ಕೆಲಸದಿಂದ ಮತ್ತು ಜಾಗದಿಂದ. ಸುಬೇದಾರ್ ಬೆಳ್ಳಿಯಪ್ಪ, ಮೇಷ್ಟ್ರು ಬೆಳ್ಳಿಯಪ್ಪ, ಸಿದ್ದಾಪುರದ ತೋಟದ ಬೆಳ್ಳಿಯಪ್ಪ, ಮೇಲಿನ ಮನೆ ಬೆಳ್ಳಿಯಪ್ಪ. ಸೈನ್ಯಕ್ಕೆ ಹೋದವರು ಹೆಚ್ಚಿರುವ ನಮ್ಮ ಜಿಲ್ಲೆಯಲ್ಲಿ ಈ ದರ್ಜೆಯ ಹೆಸರು ಬಹಳ ಉಪಕಾರಿ. ಯಾಕೆಂದರೆ ಅದಕ್ಕೆ ಕಾಗದದ ಆಧಾರವಿರುತ್ತದೆ. ಪಿಂಚಣಿ ಪುಸ್ತಕದಲ್ಲಿ ಸಂಖ್ಯೆ, ಸೇರಿದ ವರ್ಷ, ಹೆಂಡತಿಯ ಹೆಸರು ಎಲ್ಲಾ ಒಟ್ಟಿಗೆ ಸಿಗುತ್ತದೆ. ಅರೆಭಾಷೆ ಗೌಡರಲ್ಲೂ ಮನೆಯ ಹೆಸರೇ ಮುಂದೆ. 1837ರಲ್ಲಿ ಮಡಿಕೇರಿಯಲ್ಲಿ ಗಲ್ಲಿಗೇರಿಸಿದ ಅಪ್ಪಯ್ಯ ಗೌಡರನ್ನು ಇವತ್ತಿಗೂ ನಾವು ಗುಡ್ಡೆಮನೆ ಅಪ್ಪಯ್ಯ ಗೌಡ ಎಂದೇ ಕರೆಯುತ್ತೇವೆ. ಅಪ್ಪಯ್ಯ ಗೌಡರು ಎಷ್ಟೋ ಜನ, ಗುಡ್ಡೆಮನೆಯವರು ಎಂದರೆ ಆ ಒಬ್ಬರೇ ಕಣ್ಣಿಗೆ ಬರುತ್ತಾರೆ.

ಆದರೆ ಇದೆಲ್ಲಕ್ಕಿಂತ ಗಟ್ಟಿಯಾದ ಗುರುತು ನಿಮ್ಮ ಮನೆಯಲ್ಲೇ ಇದೆ, ಮತ್ತು ವಂಶವೃಕ್ಷ ಬರೆಯುವವರು ಜಾಸ್ತಿ ಬಿಟ್ಟುಬಿಡುವುದು ಅದನ್ನೇ. ಅದು ತಾಮನೆ.

ಕೊಡವರಿಬ್ಬರು ಮೊದಲ ಸಲ ಸಿಕ್ಕಿದಾಗ ಒಕ್ಕ ಯಾವುದು ಎಂದು ಕೇಳುತ್ತಾರೆ. ಅದರ ಬೆನ್ನಿಗೇ ತಾಮನೆ ಯಾವುದು ಎಂದು ಕೇಳುತ್ತಾರೆ. ತಾಮನೆ ಅಂದರೆ ತಾಯಿ ಹುಟ್ಟಿದ ಒಕ್ಕ. ಇದು ಬರೀ ಮರ್ಯಾದೆಯ ಮಾತಲ್ಲ. ಒಕ್ಕದೊಳಗೆ ಮದುವೆ ಇಲ್ಲ, ಆದ್ದರಿಂದ ಪ್ರತಿಯೊಬ್ಬ ಸೊಸೆಯೂ ಬೇರೆ ಒಕ್ಕದಿಂದ ಬಂದವಳು. ಮೂರು ಜನ ಅಣ್ಣತಮ್ಮಂದಿರಿಗೆ ಸಾಮಾನ್ಯವಾಗಿ ಮೂರು ಬೇರೆ ಬೇರೆ ಒಕ್ಕದ ಹೆಂಡತಿಯರು. ಹಾಗಾಗಿ ಮೂವರು ಬೆಳ್ಳಿಯಪ್ಪಂದಿರಿಗೆ ಮೂರು ತಾಮನೆ. ತಂದೆಯ ಹೆಸರಿನಿಂದ ಬಿಡಿಸಲಾಗದ ಗಂಟನ್ನು ಇದು ಬಿಡಿಸುತ್ತದೆ. ಮುತ್ತಜ್ಜನನ್ನು ಹೆತ್ತವಳು ಒಬ್ಬಳು, ಅವರ ಹಿರಿಯ ಮೊಮ್ಮಗನನ್ನು ಹೆತ್ತವಳು ಇನ್ನೊಬ್ಬಳು. ಇಬ್ಬರ ಗಂಡಂದಿರೂ ಮಾದಪ್ಪ. ಆದರೆ ಬಂದ ಒಕ್ಕ ಬೇರೆ. ಗಂಡಸರ ಹೆಸರು ಸುತ್ತಿ ಸುತ್ತಿ ಅಲ್ಲಿಗೇ ಬರುತ್ತದೆ, ಹೆಂಗಸರ ಒಕ್ಕ ಪ್ರತಿ ತಲೆಮಾರಿಗೂ ಹೊಸತು.

ಇದಕ್ಕೂ ಒಂದು ಮಿತಿಯಿದೆ. ಸೋದರಮಾವನ ಮಗಳನ್ನು ತಂದುಕೊಂಡ ಮನೆಗಳಲ್ಲಿ ಅತ್ತೆ ಸೊಸೆ ಇಬ್ಬರೂ ಒಂದೇ ಒಕ್ಕದವರಾಗಿರುತ್ತಾರೆ. ಅಣ್ಣತಮ್ಮಂದಿರು ಅಕ್ಕತಂಗಿಯರನ್ನು ಮದುವೆಯಾದದ್ದೂ ಇದೆ. ಅಲ್ಲಿ ತಾಮನೆಯೂ ಒಂದೇ ಬರುತ್ತದೆ. ಹಾಗಿದ್ದಾಗ ತಾಯಿಯ ಸ್ವಂತ ಹೆಸರು ಮತ್ತು ಅವಳ ತಂದೆಯ ಹೆಸರು ಕೇಳಿ ಬರೆದುಕೊಳ್ಳಬೇಕು.

ಈಗ ನಿಮ್ಮ ಕಾಗದಗಳಿಗೆ ಬನ್ನಿ. ಕಂದಾಯದ ಕಾಗದದಲ್ಲಿ 'ಬಿನ್' ಎಂದರೆ ಇಂಥವರ ಮಗ, 'ಕೋಂ' ಎಂದರೆ ಇಂಥವರ ಹೆಂಡತಿ. ಎಲ್ಲರೂ 'ಬಿನ್' ಮಾತ್ರ ಹುಡುಕುತ್ತಾರೆ. ನೀವು 'ಕೋಂ' ಹುಡುಕಿ. ಬೆಳ್ಳಿಯಪ್ಪ ತೀರಿಕೊಂಡ ಮೇಲೆ ಹೆಂಡತಿಯ ಹೆಸರಿಗೆ ಏನಾದರೂ ಬಂದಿದ್ದರೆ, ಅವಳು ಎಲ್ಲಾದರೂ ಹೆಬ್ಬೆಟ್ಟು ಒತ್ತಿದ್ದರೆ, 'ಇಂಥವಳು ಕೋಂ ಬೆಳ್ಳಿಯಪ್ಪ' ಎಂದು ಇರುತ್ತದೆ. ಆ ಒಂದು ಹೆಸರು ಯಾವ ಬೆಳ್ಳಿಯಪ್ಪ ಎಂದು ಹೇಳಿಬಿಡುತ್ತದೆ.

ನಿಮ್ಮದು ಜಮ್ಮಾ ಜಮೀನಾದರೆ ಇನ್ನೊಂದು ಎಚ್ಚರಿಕೆ ಬೇಕು. ಜಮ್ಮಾ ಭೂಮಿ ಒಕ್ಕದ್ದು. ಕಾಗದದಲ್ಲಿ ಮಾತ್ರ ಒಕ್ಕದ ಪರವಾಗಿ ಅದರ ಯಜಮಾನ, ಅಂದರೆ ಪಟ್ಟೆದಾರನ ಹೆಸರಿರುತ್ತದೆ. ಪಟ್ಟೆದಾರ ತೀರಿಕೊಂಡು ಎಷ್ಟೋ ವರ್ಷವಾದರೂ ಅದೇ ಹೆಸರು ಉಳಿದಿರುವುದು ನಮ್ಮಲ್ಲಿ ಸಾಮಾನ್ಯ. ಅವನದೇ ಹೆಸರಿನ ಮೊಮ್ಮಗ ಆಗ ಬದುಕಿದ್ದರೆ ಜನ ಅದನ್ನು ಮೊಮ್ಮಗನದೇ ಎಂದು ತಿಳಿಯುತ್ತಾರೆ. ಒಕ್ಕದ ಜಮೀನು ಒಬ್ಬನದು ಎಂದು ತೋರುವುದು ಹೀಗೆ. ನಿಮ್ಮ ತಂದೆಯೂ 'ಎಂ. ಬೆಳ್ಳಿಯಪ್ಪ' ಆಗಿದ್ದರಿಂದ, ಪಹಣಿಯಲ್ಲಿ ಆ ಹೆಸರು ಕಂಡ ಕೂಡಲೇ ಇದು ನಮ್ಮ ತಂದೆಯದು ಎಂದು ಅರ್ಜಿ ಬರೆಯಬೇಡಿ. ಮೊದಲು ಯಾವ ವರ್ಷ ಆ ಹೆಸರು ಬಂತು ನೋಡಿ.

ವರ್ಷ ನೋಡುವುದು ಹೇಗೆ ಎಂದು ನನ್ನದೇ ಒಂದು ತಪ್ಪಿನಿಂದ ಹೇಳುತ್ತೇನೆ. ಒಂದು ಕುಟುಂಬಕ್ಕೆ ವಂಶವೃಕ್ಷ ಬರೆದುಕೊಡುತ್ತಿದ್ದೆ. 1921ರ ಒಂದು ಪತ್ರದಲ್ಲಿ ಒಬ್ಬ ಪೂವಯ್ಯ ಸಹಿ ಮಾಡಿದ್ದರು. 1958ರ ಒಂದು ಸಾಲದ ಕಾಗದದಲ್ಲೂ ಅದೇ ಪೂವಯ್ಯ, ಅದೇ ತಂದೆಯ ಹೆಸರು. ನಾನು ಇಬ್ಬರನ್ನೂ ಒಬ್ಬರೇ ಎಂದು ತಿಳಿದು ಬರೆದುಬಿಟ್ಟೆ. ಓದಿ ಹೇಳುವಾಗ ಆ ಮನೆಯ ಹಿರಿಯ ಅತ್ತೆ ತಡೆದರು. 'ಪೂವಯ್ಯಜ್ಜನಿಗೆ ಆ ವರ್ಷ ಎಂಬತ್ತು ದಾಟಿರಬೇಕಲ್ಲ. ಎಂಬತ್ತರ ಮುದುಕರಿಗೆ ತೋಟದ ಸಾಲ ಯಾರು ಕೊಡುತ್ತಾರೆ?' ಎಂದರು. ಸಾಲ ಮಾಡಿದ್ದು ಮೊಮ್ಮಗ. ನಾನು ನಡುವಿನ ಒಂದು ತಲೆಮಾರನ್ನೇ ನುಂಗಿಬಿಟ್ಟಿದ್ದೆ. ಆ ತಲೆಮಾರಿನ ಇಬ್ಬರು ತಮ್ಮಂದಿರ ಕವಲು ಪೂರ್ತಿ ಬಿಟ್ಟುಹೋಗಿತ್ತು. ಕಾಗದ ಹಾಗೇ ಹೋಗಿದ್ದರೆ ಅವರ ಮಕ್ಕಳಿಗೆ ಬರಬೇಕಾದ ಪಾಲಿಗೆ ಪೆಟ್ಟು ಬೀಳುತ್ತಿತ್ತು. ಆ ದಿನದ ನಂತರ ನಾನು ಹೆಸರು ನೋಡುವ ಮುಂಚೆ ವಯಸ್ಸು ಲೆಕ್ಕ ಹಾಕುತ್ತೇನೆ.

ನೀವೂ ಹಾಗೇ ಮಾಡಿ. ಒಂದು ದೊಡ್ಡ ಹಾಳೆಯಲ್ಲಿ ಉದ್ದಕ್ಕೆ ವರ್ಷಗಳನ್ನು ಬರೆಯಿರಿ. ಬೆಳ್ಳಿಯಪ್ಪ ಎಂದಿರುವ ಪ್ರತಿಯೊಂದು ಕಾಗದವನ್ನೂ ಅದರ ವರ್ಷದ ಎದುರು ಇಡಿ, ಯಾರದು ಎಂದು ಇನ್ನೂ ಬರೆಯಬೇಡಿ. ಮುತ್ತಜ್ಜ 1882ರ ಸುಮಾರಿಗೆ ಹುಟ್ಟಿದ್ದರೆ ಹಿರಿಯ ಮೊಮ್ಮಗ ಹುಟ್ಟುವುದು 1936ರ ಹೊತ್ತಿಗೆ. ಅಜ್ಜನಿಗೂ ಮೊಮ್ಮಗನಿಗೂ ಐವತ್ತು ಅರವತ್ತು ವರ್ಷದ ಅಂತರ ಇರುತ್ತದೆ. ಮುತ್ತಜ್ಜನ ವ್ಯವಹಾರ 1900ರ ನಂತರ ಶುರುವಾಗಿ 1950ರೊಳಗೆ ಹೆಚ್ಚುಕಡಿಮೆ ಮುಗಿದಿರುತ್ತದೆ. ಮೊಮ್ಮಗನ ಸಹಿ 1954ರ ಮುಂಚೆ ಬರಲು ಸಾಧ್ಯವಿಲ್ಲ, ಅವನಿಗೆ ಇನ್ನೂ ವಯಸ್ಸಾಗಿಲ್ಲ. ನಿಮ್ಮ ಹಾಳೆಯಲ್ಲಿ ಕಾಗದಗಳು ಎರಡು ಗುಂಪಾಗಿ ಬಿದ್ದು ನಡುವೆ ಖಾಲಿ ಜಾಗ ಕಾಣಬೇಕು. ಇದು ಅಜ್ಜನನ್ನು ಬೇರೆ ಮಾಡುತ್ತದೆ. ಉಳಿದ ಮೂವರು ಒಂದೇ ಕಾಲದವರು, ಅವರನ್ನು ವರ್ಷ ಬೇರೆ ಮಾಡುವುದಿಲ್ಲ. ಅಲ್ಲಿ ಪೂರ್ತಿ ತಂದೆಯ ಹೆಸರು, 'ಕೋಂ' ಮತ್ತು ತಾಮನೆ ಬೇಕು. ಸಹಿಯನ್ನೂ ನೋಡಿ. ಒಂದೇ ಹೆಸರನ್ನು ಇಬ್ಬರು ಒಂದೇ ಥರ ಬರೆಯುವುದಿಲ್ಲ.

ಇಂಗ್ಲಿಷ್ ಕಾಗದಗಳಲ್ಲಿ ಕಾಗುಣಿತ ನೋಡಿ ಮೋಸ ಹೋಗಬೇಡಿ. ಕಾರಿಯಪ್ಪ ಎಂಬ ಹೆಸರನ್ನು ಒಬ್ಬರು ಸಿ ಅಕ್ಷರದಿಂದ, ಒಬ್ಬರು ಕೆ ಅಕ್ಷರದಿಂದ ಬರೆಯುತ್ತಾರೆ. ಅದರಿಂದ ಒಬ್ಬನೇ ಮನುಷ್ಯ ಇಬ್ಬರಾಗಿ ಕಾಣುತ್ತಾನೆ. ಒಕ್ಕದ ಇನಿಷಿಯಲ್ಲೂ ಹಾಗೇ. ಕೊಡಂದೇರ, ಕಲಿಯಂಡ ಎರಡೂ 'ಕೆ.'. ಬರೀ ಒಂದು 'ಕೆ.' ನೋಡಿ ನಮ್ಮ ಒಕ್ಕದವರೇ ಎಂದು ಹೇಳಲಾಗದು.

ನಾಡಕಚೇರಿಗೆ ಕೊಡುವ ವಂಶವೃಕ್ಷದಲ್ಲಿ ನಾಲ್ಕೂ ಬೆಳ್ಳಿಯಪ್ಪಂದಿರ ಹೆಸರು ಹೀಗೆ ಬರೆಯಿರಿ. ಒಕ್ಕದ ಹೆಸರು ಪೂರ್ತಿ, ತಂದೆಯ ಹೆಸರು ಪೂರ್ತಿ, ಅವರ ಹೆಸರು, ಹೆಂಡತಿಯ ಹೆಸರು, ಗೊತ್ತಿದ್ದರೆ ಹುಟ್ಟಿದ ಮತ್ತು ತೀರಿಕೊಂಡ ವರ್ಷ. ಇನಿಷಿಯಲ್ ಎಲ್ಲೂ ಬೇಡ. ಮನೆಯಲ್ಲಿಟ್ಟುಕೊಳ್ಳುವ ಪ್ರತಿಯಲ್ಲಿ ತಾಮನೆ ಮತ್ತು ಕರೆಯುವ ಹೆಸರನ್ನೂ ಸೇರಿಸಿ. ಕಚೇರಿಗೆ ಅದು ಬೇಡದಿದ್ದರೂ ನಿಮ್ಮ ಮಕ್ಕಳಿಗೆ ಬೇಕಾಗುತ್ತದೆ.

ಅಣ್ಣನ ಮಗುವಿನ ವಿಷಯ. ಅವ್ವನ ಆಸೆ ನಡೆಸಿಕೊಡಿ ಎಂದೇ ನಾನು ಹೇಳುವುದು. ಗಂಡನ ಹೆಸರು ಮನೆಗೆ ಮರಳಿ ಬರಲಿ ಎಂದು ಅವರು ಎಷ್ಟು ಕಾದಿದ್ದಾರೋ. ಆದರೆ ಗಮನಿಸಿ, ನಿಮ್ಮ ತಂದೆ 'ಬೆಳ್ಳಿಯಪ್ಪ ಬಿನ್ ಮಾಚಯ್ಯ'. ಈ ಮಗುವೂ 'ಬೆಳ್ಳಿಯಪ್ಪ ಬಿನ್ ಮಾಚಯ್ಯ' ಆಗುತ್ತದೆ. ನಾನು ಹೇಳಿದ ಅದೇ ಗಂಟು. ಜನನ ಪ್ರಮಾಣಪತ್ರ ಮಾಡಿಸುವಾಗಲೇ ಬೆಳ್ಳಿಯಪ್ಪ ಎನ್ನುವುದರ ಜೊತೆಗೆ ಕರೆಯುವ ಹೆಸರನ್ನೂ ಸೇರಿಸಿಬಿಡಿ, ಒಕ್ಕದ ಹೆಸರನ್ನು ಬಿಡಿಸಿ ಬರೆಸಿ. ಶಾಲೆ, ಆಧಾರ್, ಪಾಸ್‌ಪೋರ್ಟ್ ಎಲ್ಲದರಲ್ಲೂ ಅದೇ ಬರಲಿ. ಆ ಕರೆಯುವ ಹೆಸರನ್ನು ಅವ್ವನೇ ಆರಿಸಲಿ, ದಿನಕ್ಕೆ ನೂರು ಸಲ ಕರೆಯುವವರು ಅವರೇ ತಾನೇ. ಗಂಡನ ಹೆಸರು ಹಿಡಿದು ಮೊಮ್ಮಗನನ್ನು ಬೈಯಲು ಅವರಿಗೆ ಬಾಯಿ ಬರುವುದಿಲ್ಲ.

ಪುತ್ತರಿ ಹಬ್ಬಕ್ಕೆ ಒಕ್ಕದವರೆಲ್ಲ ಐನ್‌ಮನೆಗೆ ಬರುತ್ತಾರಲ್ಲ, ಆಗ ನಿಮ್ಮ ಹಾಳೆ ಹಿಡಿದುಕೊಂಡು ಹೋಗಿ. ಪಟ್ಟೆದಾರರನ್ನು ಕೇಳುವುದು ಮರ್ಯಾದೆ, ಅವರ ಮಾತು ಮೊದಲು ಕೇಳಿ. ಆಮೇಲೆ ಅಡುಗೆಮನೆಗೆ ಹೋಗಿ, ಒಕ್ಕಕ್ಕೆ ಸೊಸೆಯಾಗಿ ಬಂದ ಅತ್ಯಂತ ಹಿರಿಯರ ಹತ್ತಿರ ಕೂತು, ಯಾವ ಬೆಳ್ಳಿಯಪ್ಪನ ತಾಮನೆ ಯಾವುದು ಎಂದು ಒಂದೊಂದಾಗಿ ಕೇಳಿ.